ಇಪ್ಪತ್ತೈದನೆಯ ಪ್ರಯಾಣಿಕ

ಮಂಗಳವಾರ ರಾತ್ರಿ ಒಂಬತ್ತೂವರೆ. ಬೆಂಗಳೂರಿನ ಆನಂದರಾವ್ ಸರ್ಕಲ್ ಹತ್ತಿರ ಮಂಗಳೂರಿನ ಸ್ಲೀಪರ್ ಬಸ್ಸೊಂದು ಎಂಜಿನ್ ಆಫ್ ಮಾಡದೆ ನಿಂತಿದೆ. ಒಳಗೆ 36 ಸೀಟು, ಹತ್ತಿದವರು 24 ಮಂದಿ. ಹೊರಡುವ ಹೊತ್ತು ಮೀರಿ ಹತ್ತು ನಿಮಿಷವಾಗಿದೆ. ಕೆಳಗೆ ನಿಂತ ಬುಕಿಂಗ್ ಹುಡುಗ ಬ್ಯಾಗು ಹಿಡಿದು ಹೋಗುವವರನ್ನೆಲ್ಲ ತಡೆದು 'ಮಂಗ್ಳೂರಾ ಸರ್, ಮಂಗ್ಳೂರಾ?' ಎಂದು ಕೇಳುತ್ತಿದ್ದಾನೆ. ಒಳಗಿದ್ದವರಿಗೆ ಸಿಟ್ಟು. ಒಬ್ಬನಿಗೋಸ್ಕರ ಇಷ್ಟು ಜನರನ್ನು ಕಾಯಿಸಬೇಕೇ?

ಆ ಸಿಟ್ಟು ನನಗೂ ಬಂದದ್ದುಂಟು. ಬಸ್ಸಿನ ಲೆಕ್ಕ ಹಾಕಿ ನೋಡಿದ ಮೇಲೆ ಕಾಯುವುದು ಇಷ್ಟವಾಗಲಿಲ್ಲ, ಆದರೆ ಯಾಕೆಂದು ಅರ್ಥವಾಯಿತು. ಆ ಇಪ್ಪತ್ತೈದನೆಯವನು ಹತ್ತುವ ತನಕ ಮಾಲೀಕರ ಪಾಲಿಗೆ ಆ ರಾತ್ರಿಯ ಲಾಭ ಸೊನ್ನೆ. ಅವನು ಹತ್ತಿದರೆ 850 ರೂಪಾಯಿ. ಅವನ ಬೆನ್ನಿಗೆ ಇನ್ನೊಬ್ಬ ಬಂದರೆ ಆ ಲಾಭ ದುಪ್ಪಟ್ಟು. ಬಸ್ಸಿನಲ್ಲಿ ಏರಿದ್ದು ಒಂದು ತಲೆ, ಲಾಭದಲ್ಲಿ ಏರಿದ್ದು ನೂರಕ್ಕೆ ನೂರು. ವ್ಯವಹಾರದ ಪುಸ್ತಕಗಳು 'ಆಪರೇಟಿಂಗ್ ಲೆವರೇಜ್' ಎನ್ನುವುದು ಇದನ್ನೇ. ಲೆವರ್ ಎಂದರೆ ನಮ್ಮ ಸನ್ನೆಗೋಲು: ಈ ತುದಿಯನ್ನು ಗೇಣುದ್ದ ಒತ್ತಿದರೆ ಆ ತುದಿ ಮಾರುದ್ದ ಏಳುತ್ತದೆ. ಇಲ್ಲಿ ಈ ತುದಿಯಲ್ಲಿರುವುದು ಮಾರಾಟ, ಆ ತುದಿಯಲ್ಲಿರುವುದು ಲಾಭ, ನಡುವೆ ಆನಿಕೆಯ ಕಲ್ಲಾಗಿ ಕೂತಿರುವುದು ಸ್ಥಿರ ವೆಚ್ಚ.

ಲೆಕ್ಕವನ್ನು ಬಿಡಿಸಿ ನೋಡೋಣ. ಅಂಕಿಗಳು ಯಾವುದೇ ಒಂದು ಕಂಪನಿಯವಲ್ಲ, ಓದುವುದಕ್ಕೆ ಸುಲಭವಾಗಲೆಂದು ನಾನೇ ದುಂಡಗೆ ಮಾಡಿಕೊಂಡವು. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಡೀಸೆಲ್‌ಗೆ 8,000 ರೂಪಾಯಿ. ಇಬ್ಬರು ಚಾಲಕರು, ಒಬ್ಬ ಕ್ಲೀನರ್, ಅವರ ಸಂಬಳ-ಬಾಟಾ ಸೇರಿ 3,500. ಟೋಲ್ 1,500. ರಸ್ತೆ ತೆರಿಗೆ, ವಿಮೆ, ಪರ್ಮಿಟ್ಟುಗಳನ್ನು ಒಂದು ಟ್ರಿಪ್ಪಿಗೆ ಹಂಚಿದರೆ 3,000. ಬಸ್ಸಿನ ಸವಕಳಿ 3,600. ಆಫೀಸು, ಪಾರ್ಕಿಂಗು 800. ಎಲ್ಲ ಕೂಡಿದರೆ 20,400 ರೂಪಾಯಿ. ಈ ಮೊತ್ತಕ್ಕೆ ಒಳಗೆ ಎಷ್ಟು ಜನ ಮಲಗಿದ್ದಾರೆ ಎನ್ನುವುದು ಗೊತ್ತೇ ಇಲ್ಲ. ಎರಡು ಜನರಿದ್ದರೂ ಅಷ್ಟೇ ಡೀಸೆಲ್, ಅಷ್ಟೇ ಟೋಲ್.

ಇನ್ನು ಪ್ರಯಾಣಿಕನ ಜೊತೆಗೇ ಹುಟ್ಟುವ ಖರ್ಚು. ಟಿಕೆಟ್ 1,000 ರೂಪಾಯಿ ಎಂದಿಟ್ಟುಕೊಳ್ಳಿ, ಜಿಎಸ್‌ಟಿ ಬಿಟ್ಟು. ಬುಕಿಂಗ್ ಆ್ಯಪ್‌ಗೋ ಏಜೆಂಟರಿಗೋ ಕಮಿಷನ್ 100. ಹೊದಿಕೆ ಒಗೆಸಲು, ನೀರಿನ ಬಾಟಲಿಗೆ 50. ಉಳಿದದ್ದು 850. ಒಂದು ಸೀಟಿನ 'ಉಳಿಕೆ' ಇದು. ಇದು ಲಾಭವಲ್ಲ, ಆ 20,400ರ ಹೊಂಡ ತುಂಬಲು ತರುವ ಒಂದು ಬುಟ್ಟಿ ಮಣ್ಣು. ಅಂಥ 24 ಬುಟ್ಟಿ ಸುರಿದರೆ ಹೊಂಡ ನೆಲಮಟ್ಟಕ್ಕೆ ಬರುತ್ತದೆ. ಆಮೇಲಿನ ಪ್ರತಿ ಬುಟ್ಟಿಯೂ ದಿಬ್ಬ.

30 ಜನರಿದ್ದ ರಾತ್ರಿ ಉಳಿಕೆ 25,500, ಖರ್ಚು ಕಳೆದು ಲಾಭ 5,100. ಮುಂದಿನ ವಾರ ಪ್ರಯಾಣಿಕರು ಹತ್ತು ಶೇಕಡಾ ಹೆಚ್ಚಾಗಿ 33 ಆದರು ಎನ್ನಿ. ಲಾಭ 7,650. ಹತ್ತಕ್ಕೆ ಐವತ್ತು ಶೇಕಡಾ ಏರಿಕೆ. ಹತ್ತು ಶೇಕಡಾ ಕಡಿಮೆಯಾಗಿ 27 ಆದರೆ ಲಾಭ 2,550, ಅಂದರೆ ಅರ್ಧಕ್ಕರ್ಧ ಹೋಯಿತು. ಇಪ್ಪತ್ತು ಶೇಕಡಾ ಇಳಿದು 24 ಆದರೆ ಲಾಭ ಪೂರ್ತಿ ಮಾಯ. ಈ 'ಐದು ಪಟ್ಟು' ಎನ್ನುವುದನ್ನು ಕಂಡುಹಿಡಿಯಲು ದೊಡ್ಡ ಗಣಿತ ಬೇಡ. ಒಟ್ಟು ಉಳಿಕೆಯನ್ನು ಲಾಭದಿಂದ ಭಾಗಿಸಿದರೆ ಸಾಕು: 25,500 ಭಾಗಿಸು 5,100, ಉತ್ತರ ಐದು.

ಹಲವರು ಎಡವುವುದು ಇಲ್ಲಿಂದ ಮುಂದೆ. ಈ ಐದು, ಬಸ್ಸಿನ ಹಣೆಯ ಮೇಲೆ ಬರೆದ ಸಂಖ್ಯೆಯಲ್ಲ. ಬಸ್ಸು ಭರ್ತಿಯಾಗಿ 36 ಜನರಿದ್ದಾಗ ಉಳಿಕೆ 30,600, ಲಾಭ 10,200, ಸನ್ನೆ ಮೂರು ಪಟ್ಟು. 25 ಜನರಿದ್ದಾಗ ಉಳಿಕೆ 21,250, ಲಾಭ 850, ಸನ್ನೆ ಇಪ್ಪತ್ತೈದು ಪಟ್ಟು. ಬಸ್ಸು ಅದೇ, ದಾರಿ ಅದೇ, ಖರ್ಚು ಅದೇ. ಹೊಂಡದ ಅಂಚಿಗೆ ಹತ್ತಿರವಿದ್ದಷ್ಟೂ ತೂಗಾಟ ಜಾಸ್ತಿ, ದೂರ ಸರಿದಷ್ಟೂ ಕಡಿಮೆ. 'ಈ ವರ್ಷ ಕಂಪನಿಯ ಲಾಭ ಮೂರು ಪಟ್ಟಾಯಿತು' ಎಂಬ ಸುದ್ದಿ ಓದಿದಾಗ ನಾನು ಮೊದಲು ನೋಡುವುದು ಹೋದ ವರ್ಷದ ಲಾಭ ಎಷ್ಟಿತ್ತೆಂದು. ಬಹಳ ಸಲ ಅದು ಇಪ್ಪತ್ತೈದನೆಯ ಪ್ರಯಾಣಿಕನ ಲಾಭವಾಗಿರುತ್ತದೆ. ಹೋದ ವರ್ಷ ಅಂಚಿನಲ್ಲಿ ನಿಂತಿದ್ದವರು ಈ ವರ್ಷ ಎರಡು ಹೆಜ್ಜೆ ಒಳಗೆ ಬಂದಿರುತ್ತಾರೆ, ಅಷ್ಟೇ. ಅದೇ ಓಟ ಮುಂದಿನ ವರ್ಷವೂ ಇರುತ್ತದೆಂದು ಶೇರು ಕೊಂಡವರಿಗೆ, ಮಾರಾಟ ಅಷ್ಟೇ ಬೆಳೆದಿದ್ದರೂ ಲಾಭ ಯಾಕೆ ಮಂದವಾಯಿತೆಂದು ತಿಳಿಯುವುದಿಲ್ಲ.

ಬಸ್ಸು ನಿಂತಲ್ಲೇ ಪಕ್ಕದಲ್ಲಿ ಎಳನೀರಿನ ಗಾಡಿಯಿದೆ. ಅವರದ್ದು ಬೇರೆ ಲೋಕ. ಒಂದು ಕಾಯಿ 30 ರೂಪಾಯಿಗೆ ತಂದು 45ಕ್ಕೆ ಮಾರುತ್ತಾರೆ ಎನ್ನಿ. ದಿನಕ್ಕೆ 200 ಕಾಯಿ ಹೋದರೆ 3,000 ರೂಪಾಯಿ ಉಳಿಕೆ. ಗಾಡಿ, ಜಾಗ, ಸಾಗಾಟಕ್ಕೆ 1,000 ಕಳೆದರೆ 2,000 ಲಾಭ. ಮಳೆ ಬಂದು ವ್ಯಾಪಾರ ಹತ್ತು ಶೇಕಡಾ ಕಡಿಮೆಯಾದರೆ ಲಾಭ 1,700ಕ್ಕೆ ಇಳಿಯುತ್ತದೆ, ಹದಿನೈದು ಶೇಕಡಾ ಮಾತ್ರ. ವ್ಯಾಪಾರ ಅರ್ಧಕ್ಕೆ ಇಳಿದರೂ 500 ರೂಪಾಯಿ ಜೇಬಿಗೆ ಬರುತ್ತದೆ. ಮಾರಾಟವಾಗದ ಕಾಯಿ ನಾಳೆಗೂ ಕಾಯಿಯೇ. ಬಸ್ಸಿನ ಖಾಲಿ ಸೀಟು ಮಾತ್ರ ಬಸ್ಸು ಹೊರಟ ಗಳಿಗೆಗೇ ಸತ್ತುಹೋಗುತ್ತದೆ.

ಆದರೆ ಇಬ್ಬರ ನಡುವೆ ಇನ್ನೊಂದು ವ್ಯತ್ಯಾಸವಿದೆ, ಅದು ನೇರ ಬೆಲೆಪಟ್ಟಿಯಲ್ಲಿ ಕಾಣುತ್ತದೆ. ಎಳನೀರಿನವರು ಬೆಲೆಯನ್ನೇ ಹತ್ತು ಶೇಕಡಾ ಇಳಿಸಿ 40 ರೂಪಾಯಿ 50 ಪೈಸೆಗೆ ಮಾರಿದರೆ, ಅದೇ 200 ಕಾಯಿಗೆ ಲಾಭ 1,100. ಗಿರಾಕಿ ಕಡಿಮೆಯಾದರೆ ಹದಿನೈದು ಶೇಕಡಾ ನಷ್ಟ, ಬೆಲೆ ಕಡಿಮೆಯಾದರೆ ನಲವತ್ತೈದು. ಕಾಯಿ ಕೊಂಡ 30 ರೂಪಾಯಿ ಕಡಿಮೆಯಾಗುವುದಿಲ್ಲವಲ್ಲ. ಅದಕ್ಕೇ ಅವರು ಚೌಕಾಸಿಗೆ ಜಗ್ಗುವುದಿಲ್ಲ. ಬಸ್ಸಿನವರಿಗೆ ಹಾಗಲ್ಲ. 30 ಜನರಿರುವಾಗ ದರ ಹತ್ತು ಶೇಕಡಾ ಇಳಿದರೆ ಲಾಭ 5,100ರಿಂದ 2,400ಕ್ಕೆ ಬರುತ್ತದೆ. ಜನ ಹತ್ತು ಶೇಕಡಾ ಇಳಿದಾಗಲೂ ಹೆಚ್ಚುಕಡಿಮೆ ಅಷ್ಟೇ ಆಗಿತ್ತು, 2,550. ಅವರಿಗೆ ದರದ ಪೆಟ್ಟೂ ಖಾಲಿ ಸೀಟಿನ ಪೆಟ್ಟೂ ಸರಿಸುಮಾರು ಒಂದೇ. ಹಾಗಾಗಿ ಜನ ಬರುವುದಾದರೆ ದರ ಇಳಿಸಲು ಅವರ ಕೈ ಹಿಂಜರಿಯುವುದಿಲ್ಲ. ಕೊನೆಯ ಗಳಿಗೆಯಲ್ಲಿ 400 ರೂಪಾಯಿಗೆ ಒಂದು ಸೀಟು ಕೊಟ್ಟರೂ ಕಮಿಷನ್ 40, ಹೊದಿಕೆ-ನೀರು 50 ಕಳೆದು 310 ರೂಪಾಯಿ ಪೂರ್ತಿ ಹೆಚ್ಚುವರಿ.

ಎಲ್ಲ ಮಾಲೀಕರೂ ಹೀಗೇ ಯೋಚಿಸಿದಾಗ ದರಸಮರ ಶುರುವಾಗುತ್ತದೆ. ಪಕ್ಕದ ಬಸ್ಸು 700ಕ್ಕೆ ಇಳಿಯಿತೆಂದು ಈ ಬಸ್ಸು 650ಕ್ಕೆ ಇಳಿಯುತ್ತದೆ. ಪ್ರತಿ ಹೆಜ್ಜೆಯೂ ಆ ರಾತ್ರಿಯ ಲೆಕ್ಕದಲ್ಲಿ ಸರಿಯೇ. ಆದರೆ 650 ರೂಪಾಯಿಗೆ ಸೀಟಿನ ಉಳಿಕೆ 535 ಮಾತ್ರ. 36 ಸೀಟು ಭರ್ತಿಯಾದರೂ 19,260. ಬಸ್ಸು ತುಂಬಿ ತುಳುಕುತ್ತಿದೆ, ಮಾಲೀಕರಿಗೆ ಸಾವಿರ ರೂಪಾಯಿ ಮಿಕ್ಕಿ ಕೈಬಿಟ್ಟಿದೆ. ಪ್ರಯಾಣಿಕರೂ ಕಡಿಮೆ ಬುದ್ಧಿವಂತರಲ್ಲ. ಕೊನೆಯ ಗಳಿಗೆಗೆ ದರ ಇಳಿಯುತ್ತದೆಂದು ಒಮ್ಮೆ ಗೊತ್ತಾದರೆ 1,000 ಕೊಡಬೇಕಿದ್ದವರೂ ಒಂಬತ್ತು ಗಂಟೆ ತನಕ ಆ್ಯಪ್ ತೆರೆದು ಕಾಯುತ್ತಾರೆ.

ಡೀಸೆಲ್ ಸ್ಥಿರ ವೆಚ್ಚ ಹೇಗಾದೀತು, ಓಡಿಸದಿದ್ದರೆ ಅದು ಖರ್ಚೇ ಆಗುವುದಿಲ್ಲವಲ್ಲ ಎಂದು ಓದುಗರಿಗೆ ಇಷ್ಟರಲ್ಲಿ ಅನ್ನಿಸಿರಬೇಕು. ಆ ಆಕ್ಷೇಪ ಸರಿಯಾದದ್ದೇ. ಯಾವ ವೆಚ್ಚವೂ ಹುಟ್ಟಿನಿಂದ ಸ್ಥಿರವಲ್ಲ. ಯಾವ ನಿರ್ಧಾರದ ಎದುರಿಗೆ, ಎಷ್ಟು ದಿನದ ಮಟ್ಟಿಗೆ ಎಂದು ಕೇಳಬೇಕು. ಪ್ರಯಾಣಿಕರ ಸಂಖ್ಯೆಯ ಎದುರಿಗೆ ಡೀಸೆಲ್ ಸ್ಥಿರ, ಟ್ರಿಪ್ಪುಗಳ ಸಂಖ್ಯೆಯ ಎದುರಿಗೆ ಅಲ್ಲ. ಸಂಬಳ-ಬಾಟಾವನ್ನು ಟ್ರಿಪ್ಪಿಗಿಷ್ಟು ಎಂದು ಕೊಡುವವರಾದರೆ, ಇವತ್ತು ರಾತ್ರಿ ಬಸ್ಸನ್ನೇ ಬಿಡದಿದ್ದರೆ ಡೀಸೆಲ್, ಟೋಲ್, ಬಾಟಾ ಸೇರಿ 13,000 ಉಳಿಯುತ್ತದೆ. ತೆರಿಗೆ, ವಿಮೆ, ಸವಕಳಿ, ಬಾಡಿಗೆಯ 7,400 ಮಾತ್ರ ನಿಂತ ಬಸ್ಸಿನ ಮೇಲೂ ಬೀಳುತ್ತದೆ.

ಮಂಗಳವಾರ 20 ಜನ ಮಾತ್ರ ಬುಕ್ ಮಾಡಿದ್ದಾರೆ ಎನ್ನಿ. ಉಳಿಕೆ 17,000, ಪುಸ್ತಕದ ಪ್ರಕಾರ 3,400 ನಷ್ಟ. ಹಾಗೆಂದು ಟ್ರಿಪ್ ರದ್ದು ಮಾಡಿದರೆ ನಷ್ಟ 7,400. ಓಡಿಸುವುದೇ ಮೇಲು. 16 ಜನರಿದ್ದರೂ 13,600 ಬರುತ್ತದೆ, ಓಡಿಸಬಹುದು. 15ಕ್ಕೆ ಇಳಿದರೆ ಬರುವುದು 12,750, ಹೋಗುವುದು 13,000. ಆಗ ಫೋನುಗಳು ಓಡಾಡುತ್ತವೆ. 'ನಿಮ್ಮ ಬಸ್ಸಿನಲ್ಲಿ ಎಷ್ಟು ಖಾಲಿಯಿದೆ? ನಮ್ಮವರನ್ನು ಹಾಕಿಕೊಳ್ಳಿ.' ಒಂದು ಬಸ್ಸಿಗೆ ಟಿಕೆಟ್ ಮಾಡಿ ಇನ್ನೊಂದು ಬಣ್ಣದ ಬಸ್ಸು ಹತ್ತಿದ ಅನುಭವ ಹಲವರಿಗಿದ್ದೀತು. ನಷ್ಟದಲ್ಲಿದ್ದೂ ಬಸ್ಸು, ಹೋಟೆಲು, ಚಿತ್ರಮಂದಿರಗಳು ತಿಂಗಳುಗಟ್ಟಲೆ ಯಾಕೆ ಬಾಗಿಲು ಹಾಕುವುದಿಲ್ಲ ಎನ್ನುವುದಕ್ಕೂ ಉತ್ತರ ಇಲ್ಲಿಯೇ ಇದೆ: ಮುಚ್ಚಿದರೂ ತಪ್ಪದ ಖರ್ಚಿನ ಒಂದು ಪಾಲು ತೆರೆದಿದ್ದರೆ ವಸೂಲಾಗುತ್ತದೆ. ಅವಧಿ ಉದ್ದವಾದಷ್ಟೂ ಸ್ಥಿರವೆನ್ನಿಸಿದ್ದೂ ಕರಗುತ್ತದೆ. ಬಸ್ಸನ್ನು ಬಳಸುವುದಿಲ್ಲವೆಂದು ಮೊದಲೇ ತಿಳಿಸಿ ಆರ್‌ಟಿಒ ಕಚೇರಿಗೆ ದಾಖಲೆ ಒಪ್ಪಿಸಿದರೆ ಆ ಅವಧಿಯ ತೆರಿಗೆ ಉಳಿಸಬಹುದು. 2020ರ ಲಾಕ್‌ಡೌನಿನಲ್ಲಿ ರಾಜ್ಯದ ಅನೇಕ ಮಾಲೀಕರು ಹಿಡಿದದ್ದು ಅದೇ ದಾರಿ.

ಸನ್ನೆಗೋಲು ಮೇಲಕ್ಕೂ ಒಂದು ಮಿತಿಯಲ್ಲಿ ನಿಲ್ಲುತ್ತದೆ. ಮೂವತ್ತಾರನೆಯವನು ಹತ್ತಿದಾಗ ಲಾಭ 10,200ಕ್ಕೆ ಮುಟ್ಟಿತು. ಮೂವತ್ತೇಳನೆಯವನು ಬಂದರೆ? ಅವನಿಗಾಗಿ ಇನ್ನೊಂದು ಬಸ್ಸು ಬೇಕು. ಎರಡು ಬಸ್ಸಿಗೆ 40,800, ಉಳಿಕೆ 31,450. ಹತ್ತು ಸಾವಿರದ ಲಾಭ ಒಬ್ಬ ಗಿರಾಕಿ ಹೆಚ್ಚಾದ ಮಾತ್ರಕ್ಕೆ 9,350ರ ನಷ್ಟವಾಯಿತು. ಎರಡನೇ ಬಸ್ಸು ಹೊಂಡ ತುಂಬಲು ಒಟ್ಟು 48 ಜನ ಬೇಕು, ಮೊದಲಿನ 10,200 ಲಾಭಕ್ಕೆ ಮರಳಲು 60. ಚೆನ್ನಾಗಿ ನಡೆಯುತ್ತಿದ್ದ ಒಂದು ಹೋಟೆಲಿನವರು ಎರಡನೇ ಶಾಖೆ ತೆರೆದು ಸೋತರೆ ನಾವು 'ದುರಾಸೆ' ಎಂದುಬಿಡುತ್ತೇವೆ. ಎಷ್ಟೋ ಸಲ ಅದು ದುರಾಸೆಯಲ್ಲ, ಮೂವತ್ತೇಳರಿಂದ ನಲವತ್ತೆಂಟರ ನಡುವಿನ ದಾರಿ ದಾಟುವಷ್ಟು ಕೈಯಲ್ಲಿ ಕಾಸಿಲ್ಲದ್ದು.

ಹಬ್ಬದ ದರದ ಜಗಳವನ್ನೂ ಇದೇ ತಕ್ಕಡಿಯಲ್ಲಿಟ್ಟು ನೋಡಬಹುದು. ದೀಪಾವಳಿ ಹಿಂದಿನ ರಾತ್ರಿ ಬೆಂಗಳೂರಿನಿಂದ ಬಸ್ಸು ಭರ್ತಿ, ವಾಪಸು ಬರುವಾಗ ಖಾಲಿ. 'ಖಾಲಿ ಬರಬೇಕಲ್ಲ ಸ್ವಾಮಿ, ಅದಕ್ಕೇ ರೇಟು' ಎನ್ನುವುದು ಮಾಲೀಕರ ವಾದ. ಹೋಗಿಬರುವ ಖರ್ಚು 40,800. ಬರುವಾಗ ಎಂಟೇ ಜನರಿದ್ದರೆ 6,800 ಸಿಗುತ್ತದೆ. ಉಳಿದ 34,000ವನ್ನು ಹೋಗುವ 36 ಜನ ತುಂಬಬೇಕು. ಅದಕ್ಕೆ ಟಿಕೆಟ್ 1,105 ರೂಪಾಯಿಯ ಆಸುಪಾಸು ಇದ್ದರೆ ಸಾಕು. 2,000 ರೂಪಾಯಿಗೆ ಮಾರಿದರೆ ಆ ಒಂದು ಸುತ್ತಿನಲ್ಲಿ ಉಳಿಯುವುದು 29,000. ಅಂದಮೇಲೆ ಖಾಲಿ ವಾಪಸಾತಿ ಎನ್ನುವ ಸಮರ್ಥನೆ ಹೆಚ್ಚುವರಿ ನೂರು ರೂಪಾಯಿಗೆ ಮಾತ್ರ ಸಲ್ಲುತ್ತದೆ. ಮಿಕ್ಕ ಒಂಬೈನೂರು ಬೇರೆ ಮಾತು: ವರ್ಷವಿಡೀ ಮಂಗಳವಾರಗಳಲ್ಲಿ ಹೋದದ್ದನ್ನು ಹಬ್ಬದಲ್ಲಿ ತೆಗೆಯುವುದು. ಅದರಲ್ಲಿ ವ್ಯಾಪಾರದ ತರ್ಕವಿದೆ. ಆದರೆ ಮಂಗಳವಾರ 400ಕ್ಕೆ ಮಲಗಿ ಹೋದವನೂ ಹಬ್ಬಕ್ಕೆ 2,000 ತೆತ್ತವನೂ ಒಬ್ಬನೇ ಅಲ್ಲ ಎನ್ನುವುದು ನನ್ನ ತಕರಾರು.

ಇಳಿಮುಖದ ಹೊಡೆತ ಎಷ್ಟು ಬಿರುಸು ಎನ್ನುವುದು ಕರ್ನಾಟಕದಲ್ಲಿ ಈಚೆಗೆ ಕಣ್ಣೆದುರೇ ಕಂಡಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರ ಪ್ರಯಾಣ ಉಚಿತವಾಯಿತು. ಸ್ಲೀಪರ್, ಎಸಿ ಬಸ್ಸುಗಳಿಗೆ ಅದು ಅನ್ವಯವಿಲ್ಲ, ಹಾಗಾಗಿ ನಮ್ಮ ಮಂಗಳೂರಿನ ಬಸ್ಸಿಗೆ ಅದು ನೇರ ತಟ್ಟಲಿಲ್ಲ. ತಟ್ಟಿದ್ದು ಊರಿಂದೂರಿಗೆ ಓಡುವ ಖಾಸಗಿ ರೂಟ್ ಬಸ್ಸುಗಳಿಗೆ. ಅದೇ ವರ್ಷ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆಯವರು ಬೆಂಗಳೂರು ಬಂದ್ ನಡೆಸಿದಾಗ ಅವರ ಬೇಡಿಕೆಗಳಲ್ಲಿ ಶಕ್ತಿಯನ್ನು ಖಾಸಗಿ ಬಸ್ಸಿಗೂ ವಿಸ್ತರಿಸಿ ಎನ್ನುವುದೂ ಇತ್ತು. 'ಸ್ವಲ್ಪ ಹೆಂಗಸರು ಕಡಿಮೆಯಾದರೆ ಇಷ್ಟು ಗೋಳೇ?' ಎಂದವರುಂಟು.

ರೂಟ್ ಬಸ್ಸಿನ ಲೆಕ್ಕವನ್ನು ಊಹಿಸಿ ನೋಡಿ. ದಿನದ ಕಲೆಕ್ಷನ್ 10,000. ಡೀಸೆಲ್, ಚಾಲಕ-ನಿರ್ವಾಹಕರು, ತೆರಿಗೆ, ರಿಪೇರಿ ಸೇರಿ 8,500. ಕಮಿಷನ್ ಇಲ್ಲ, ಹೊದಿಕೆಯಿಲ್ಲ, ಪ್ರಯಾಣಿಕನ ಜೊತೆ ಹುಟ್ಟುವ ಖರ್ಚೇ ಹೆಚ್ಚುಕಡಿಮೆ ಇಲ್ಲ. ಕಲೆಕ್ಷನ್ ಹದಿನೈದು ಶೇಕಡಾ ಇಳಿದರೆ ಮಾಲೀಕರಿಗೆ ಉಳಿಯುವುದು ಸೊನ್ನೆ. ನೂರು ಪ್ರಯಾಣಿಕರಲ್ಲಿ ಹದಿನೈದು ಮಂದಿ ಸರ್ಕಾರಿ ಬಸ್ಸಿಗೆ ಬದಲಾದರೆ ಸಾಕು. ಸ್ಲೀಪರಿನವರ ಹಾಗೆ ಹಬ್ಬದಲ್ಲಿ ದರ ಏರಿಸಿ ತುಂಬಿಕೊಳ್ಳುವ ದಾರಿಯೂ ಅವರಿಗಿಲ್ಲ, ಪ್ರಯಾಣ ದರ ಸರ್ಕಾರದ ಹಿಡಿತದಲ್ಲಿದೆ. ಖಾಲಿಯೆಂದು ಮಧ್ಯಾಹ್ನದ ಟ್ರಿಪ್ ಬಿಟ್ಟರೆ ಪರ್ಮಿಟ್ಟಿನ ವೇಳೆಯೂ, ನಂಬಿ ಕಾಯುವ ಪ್ರಯಾಣಿಕರೂ ಕೈತಪ್ಪುತ್ತಾರೆ. ಯೋಜನೆ ಒಳ್ಳೆಯದೇ, ಅಲ್ಲವೇ ಎನ್ನುವುದು ಬೇರೆ ಚರ್ಚೆ. ಹದಿನೈದು ಶೇಕಡಾ ಸಣ್ಣದು ಎನ್ನುವುದಂತೂ ಆ ಮಾಲೀಕರ ಎದುರಿಗೆ ಹೇಳುವ ಮಾತಲ್ಲ.

ಇಷ್ಟು ಹೊತ್ತು ಸಾಲದ ಬಡ್ಡಿಯನ್ನು ನಾನು ಬೇಕೆಂದೇ ಹೊರಗಿಟ್ಟಿದ್ದೆ. ಅದು ವ್ಯವಹಾರ ನಡೆಸುವ ಖರ್ಚಲ್ಲ, ಬಂಡವಾಳ ತಂದ ರೀತಿಯ ಖರ್ಚು. ಆದರೆ ಅದೂ ಪ್ರಯಾಣಿಕರನ್ನು ಎಣಿಸುವುದಿಲ್ಲ. ಮೊದಲ ಸನ್ನೆಯ ತುದಿಗೆ ಎರಡನೇ ಸನ್ನೆ ಕಟ್ಟಿದಂತೆ. ನಮ್ಮ ಸ್ಲೀಪರ್ ಬಸ್ಸಿಗೆ ಒಂದು ಟ್ರಿಪ್ಪಿಗೆ 2,000 ಬಡ್ಡಿ ಬೀಳುತ್ತದೆ ಎನ್ನಿ. 30 ಜನರಿದ್ದಾಗ ಕೈಗೆ 3,100, 27 ಜನರಿದ್ದಾಗ 550. ಹತ್ತು ಶೇಕಡಾ ಇಳಿಕೆಗೆ ಎಂಬತ್ತೆರಡು ಶೇಕಡಾ ಕುಸಿತ. ಸ್ಥಿರ ವೆಚ್ಚ ಹೆಚ್ಚಿರುವ ಉದ್ದಿಮೆಗೆ ಸಾಲವೂ ಹೆಚ್ಚಿದ್ದರೆ ಏನಾಗುತ್ತದೆಂದು ಬೆಂಗಳೂರಿನವರಿಗೆ ನೆನಪಿಸಬೇಕಾಗಿಲ್ಲ. ಯುಬಿ ಗುಂಪಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಾಟ ಶುರು ಮಾಡಿದ್ದು 2005ರಲ್ಲಿ. 2007ರಲ್ಲಿ ಏರ್ ಡೆಕ್ಕನ್‌ನಲ್ಲಿ ಪಾಲು ಕೊಂಡು ದೊಡ್ಡದಾಯಿತು. 2008ರಲ್ಲಿ ಕಚ್ಚಾ ತೈಲ ದಾಖಲೆ ಬೆಲೆಗೆ ಏರಿತು, ಅದರ ಬೆನ್ನಿಗೇ ಜಾಗತಿಕ ಆರ್ಥಿಕ ಬಿಕ್ಕಟ್ಟು ಬಂತು. 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲಕ್ಕಿಳಿದವು. ಕಾರಣಗಳು ಹಲವು, ಆದರೆ ವಿಮಾನದ ಬಾಡಿಗೆ, ಪೈಲಟ್ ಸಂಬಳ, ಬ್ಯಾಂಕ್ ಬಡ್ಡಿ ಇವು ಯಾವುವೂ ಖಾಲಿ ಸೀಟು ನೋಡಿ ಕರಗಲಿಲ್ಲ.

ತೂಗಾಟ ತಗ್ಗಿಸುವ ದಾರಿ ಇಲ್ಲವೆಂದಲ್ಲ. ಬಸ್ಸಿನ ಹೊಟ್ಟೆಯಲ್ಲಿ ಪಾರ್ಸೆಲ್ ಹಾಕಿಕೊಂಡು ಟ್ರಿಪ್ಪಿಗೆ 2,000 ರೂಪಾಯಿ ಸಿಕ್ಕರೆ ಹೊಂಡವೇ 18,400ಕ್ಕೆ ಇಳಿಯುತ್ತದೆ, 24ರ ಬದಲು 22 ಜನ ಸಾಕಾಗುತ್ತದೆ. ರಾತ್ರಿ ಬಸ್ಸುಗಳಿಗೆ ಮಲ್ಲಿಗೆ ಬುಟ್ಟಿ, ಬಟ್ಟೆ ಗಂಟು, ಬೈಕು ಹತ್ತುವುದು ಅದಕ್ಕೇ. ಇನ್ನೊಂದು ದಾರಿ, ಸ್ಥಿರ ವೆಚ್ಚವನ್ನೇ ಬದಲಾಗುವ ವೆಚ್ಚವಾಗಿ ಮಾಡಿಕೊಳ್ಳುವುದು: ಕೊಳ್ಳುವ ಬದಲು ಬೇಕಾದಾಗ ಮಾತ್ರ ಬಾಡಿಗೆಗೆ ತರುವುದು, ಸಂಬಳದ ಬದಲು ಕಲೆಕ್ಷನ್ನಿನಲ್ಲಿ ಪಾಲು ಕೊಡುವುದು. ಆಗ ಕೆಟ್ಟ ದಿನದ ಪೆಟ್ಟು ತಗ್ಗುತ್ತದೆ, ಒಳ್ಳೆಯ ದಿನದ ಲಾಭವೂ ಹಂಚಿಹೋಗುತ್ತದೆ.

ಜರ್ಮನಿಯ ಫ್ಲಿಕ್ಸ್‌ಬಸ್ ಇದನ್ನು ಇಡೀ ವ್ಯವಹಾರದ ಅಡಿಪಾಯವಾಗಿಯೇ ಮಾಡಿಕೊಂಡಿದೆ. 2024ರ ಆರಂಭದಲ್ಲಿ ಭಾರತಕ್ಕೆ ಬಂದ ಆ ಕಂಪನಿ ಇಲ್ಲಿ ಬಸ್ಸು ಕೊಳ್ಳುವುದಿಲ್ಲ. ಬಸ್ಸು, ಚಾಲಕ, ಪರ್ಮಿಟ್ಟು ಸ್ಥಳೀಯ ಮಾಲೀಕರದ್ದು. ಬಣ್ಣ, ಆ್ಯಪ್, ವೇಳಾಪಟ್ಟಿ, ಟಿಕೆಟ್ ದರ ಕಂಪನಿಯದ್ದು. ಹಸಿರು ಬಸ್ಸಿನ ಮೇಲೆ ಯಾರ ಹೆಸರೇ ಇರಲಿ, ಆ ರಾತ್ರಿಯ 20,400 ಎಲ್ಲಿಗೂ ಆವಿಯಾಗಿಲ್ಲ. ಡೀಸೆಲ್ ಅಷ್ಟೇ ಉರಿಯುತ್ತದೆ, ತೆರಿಗೆ ಅಷ್ಟೇ ಕಟ್ಟಬೇಕು. ಕಂಪನಿ ಕಿಲೋಮೀಟರಿಗಿಷ್ಟು ಎಂದು ಖಚಿತ ಹಣ ಕೊಡುವ ಒಪ್ಪಂದವಾದರೆ ಖಾಲಿ ಸೀಟಿನ ಚಿಂತೆ ಕಂಪನಿಯದ್ದು. ಟಿಕೆಟ್ ಹಣದಲ್ಲಿ ಪಾಲು ಎನ್ನುವ ಒಪ್ಪಂದವಾದರೆ ಆ ಚಿಂತೆ ಬಸ್ಸಿನ ಮಾಲೀಕರದ್ದು, ದರ ಇಳಿಸುವ ಗುಂಡಿ ಮಾತ್ರ ಬೇರೆಯವರ ಕೈಯಲ್ಲಿ. ಇಂಥ ಯಾವುದೇ ಕಂಪನಿಯ ಜೊತೆ ಸಹಿ ಹಾಕುವ ಮುಂಚೆ ಮಾಲೀಕರು ಕೇಳಬೇಕಾದ್ದು ಇಷ್ಟೇ: ಮಂಗಳವಾರ ರಾತ್ರಿ ಇಪ್ಪತ್ತೈದನೆಯವನು ಬರದಿದ್ದರೆ, ಅವನ ಸೀಟಿನ ಡೀಸೆಲ್‌ಗೆ ಯಾರು ದುಡ್ಡು ಕೊಡುತ್ತಾರೆ?